ಬುತ್ತಿಯ ಚಟ್ನಿ ಮಧ್ಯಾಹ್ನಕ್ಕೆ ಹುಳಿಯುವುದೇಕೆ?

ಜುಟ್ಟು ಬಿಡಿಸದ ತೆಂಗಿನಕಾಯಿಯನ್ನು ಅಡುಗೆಮನೆಯ ಮೂಲೆಯಲ್ಲಿಟ್ಟರೆ ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಅದೇ ಕಾಯಿಯನ್ನು ಮುಂಜಾನೆ ಒಡೆದು, ತುರಿದು, ಅರೆದು ಚಟ್ನಿ ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಹುಳಿವಾಸನೆ ಬರುತ್ತದೆ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದ ವರ್ಷಗಳಲ್ಲಿ ಸೂಕ್ಷ್ಮಾಣುಗಳ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಈ ಪ್ರಶ್ನೆಯನ್ನು ಎತ್ತುತ್ತಿದ್ದುದುಂಟು. ಅದಕ್ಕೆ ಕಾರಣವೂ ಇತ್ತು. ನಮ್ಮಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆಯಲ್ಲೇ ಊಟವಿದೆ. ಒಂಬತ್ತು, ಹತ್ತನೆಯ ತರಗತಿಯವರು ಬುತ್ತಿ ತರಬೇಕು. ಬುತ್ತಿಯಲ್ಲಿ ದೋಸೆಯೋ ಇಡ್ಲಿಯೋ ಇದ್ದರೆ ಜೊತೆಗೊಂದು ಚಟ್ನಿ ಇದ್ದೇ ಇರುತ್ತದೆ. ಮುಚ್ಚಳ ತೆರೆದೊಡನೆ ಮೂಗು ಮುಚ್ಚಿಕೊಳ್ಳುವ ಪ್ರಸಂಗ ಎಲ್ಲರಿಗೂ ಗೊತ್ತು.

ಮನೆಗಳಲ್ಲಿ ಇದಕ್ಕೆ ಹೇಳುವ ಕಾರಣಗಳು ಹಲವು: ಕಾಯಿ ಹಳತು, ಉಪ್ಪು ಸಾಲದು, ಅರೆದವರ ಕೈಗುಣ ಸರಿಯಿಲ್ಲ. ಇವುಗಳಲ್ಲಿ ಕೈಯ ಮಾತು ಸ್ವಲ್ಪಮಟ್ಟಿಗೆ ನಿಜ. ಆದರೆ ಅದು ಗುಣದ ಮಾತಲ್ಲ, ತೇವದ ಮತ್ತು ಹೊತ್ತಿನ ಮಾತು.

ಒಡೆಯದ ಕಾಯಿಯ ಒಳಗೆ ಏನಿದೆ ಎಂಬುದನ್ನು ಮೊದಲು ನೋಡೋಣ. ಬಲಿತ ಕಾಯಿಯ ಬಿಳಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ನೀರು, ಮೂರನೆಯ ಒಂದು ಪಾಲು ಎಣ್ಣೆ, ಉಳಿದುದರಲ್ಲಿ ಸ್ವಲ್ಪ ಸಕ್ಕರೆ, ಸ್ವಲ್ಪ ಪ್ರೋಟೀನು, ನಾರು. ಹುಳಿ ಎಂಬುದು ಅದರಲ್ಲಿ ಬಹುತೇಕ ಇಲ್ಲ. ನೀರು, ಸಕ್ಕರೆ, ಪ್ರೋಟೀನು ಮೂರೂ ಇದ್ದು ಹುಳಿ ಇಲ್ಲದ ಆಹಾರ ಸೂಕ್ಷ್ಮಾಣುಗಳಿಗೆ ಹಾಲಿನಷ್ಟೇ ಪ್ರಿಯವಾದುದು. ಆದರೂ ಕಾಯಿ ಕೆಡದಿರಲು ಕಾರಣ, ಅವು ಒಳಗೆ ಹೋಗಲಾರವು. ಹೊರಗೆ ನಾರಿನ ಸಿಪ್ಪೆ, ಅದರೊಳಗೆ ಗಟ್ಟಿ ಗೆರಟೆ, ಅದಕ್ಕೆ ಅಂಟಿಕೊಂಡ ಕಂದು ಪದರ. ಈ ಕೋಟೆಯಲ್ಲಿ ದುರ್ಬಲವಾದ ಜಾಗ ಒಂದೇ: ಮೂರು ಕಣ್ಣುಗಳಲ್ಲಿ ಮೊಳಕೆ ಹೊರಡುವ ಮೆತ್ತನೆಯ ಕಣ್ಣು. ಅಂಗಡಿಯವರು ಸುಲಿದ ಕಾಯಿಯ ಮೇಲೂ ಜುಟ್ಟು ಉಳಿಸುವುದು ಈ ಕಣ್ಣಿನ ರಕ್ಷಣೆಗಾಗಿಯೇ. ಜುಟ್ಟು ಕಿತ್ತ ಕಾಯಿಯನ್ನು ಹೆಚ್ಚು ದಿನ ಇಡಬಾರದು.

ಕಾಯಿ ಒಡೆದ ಕ್ಷಣದಲ್ಲಿ ಈ ಕಾವಲು ಮುಗಿಯಿತು. ಗೆರಟೆಯ ಹೊರಮೈಯ ಧೂಳು, ಕತ್ತಿಯ ಅಲಗು, ಒರೆಸಿದ ಬಟ್ಟೆ, ಹಿಡಿದ ಕೈ, ನಿನ್ನೆಯ ತುರಿ ಒಣಗಿ ಅಂಟಿಕೊಂಡ ಹೆರೆಮಣೆಯ ಹಲ್ಲು, ಮಿಕ್ಸಿ ಜಾರಿನ ಬುಡದ ರಬ್ಬರಿನ ಸಂದು, ಇವೆಲ್ಲವುಗಳಿಂದ ಸೂಕ್ಷ್ಮಾಣುಗಳು ತಿರುಳಿಗೆ ಬರುತ್ತವೆ. ಹೆರೆದಾಗ ತಿರುಳಿನ ಕೋಶಗಳು ಒಡೆದು ಸಕ್ಕರೆ ಬೆರೆತ ಹಾಲು ಹೊರಬರುತ್ತದೆ. ಅರೆದಾಗ ಒಂದು ಮೂಲೆಯಲ್ಲಿದ್ದ ಸೂಕ್ಷ್ಮಾಣುಗಳು ಇಡೀ ಚಟ್ನಿಗೆ ಹರಡುತ್ತವೆ. ಹಾಲಿಗೆ ಹೆಪ್ಪು ಹಾಕಿ ಚೆನ್ನಾಗಿ ಕಲಕಿದ ಹಾಗೆಯೇ ಇದು. ಅರೆಯಲು ಸುರಿದ ನೀರು ಮಳೆಗಾಲದ ಬಾವಿಯ ಕದಡಿದ ನೀರಾಗಿದ್ದರೆ, ಜೊತೆಗೆ ಸರಿಯಾಗಿ ತೊಳೆಯದ ಕೊತ್ತಂಬರಿ ಸೊಪ್ಪೂ ಸೇರಿದರೆ, ಹೆಪ್ಪಿನ ಪ್ರಮಾಣ ಇನ್ನೂ ಹೆಚ್ಚು.

ಹುಳಿ ಮಾಡುವವು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು. ಮೊಸರನ್ನೂ ಇಡ್ಲಿಹಿಟ್ಟನ್ನೂ ಹುಳಿ ಬರಿಸುವ ಬ್ಯಾಕ್ಟೀರಿಯಾಗಳ ಬಳಗದವೇ. ಅವು ಕಾಯಿಯ ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ. ಕೆಲವು ಜೊತೆಗೆ ಅನಿಲವನ್ನೂ ಬಿಡುತ್ತವೆ. ಹಾಗಾದರೆ ಇಡ್ಲಿಹಿಟ್ಟಿನ ಹುಳಿ ಒಳ್ಳೆಯದು, ಚಟ್ನಿಯ ಹುಳಿ ಕೆಟ್ಟದ್ದು ಏಕೆ ಎಂದು ಒಬ್ಬಳು ಹುಡುಗಿ ಕೇಳಿದ್ದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಹಿಟ್ಟಿನಲ್ಲಿ ಏನೇನು ಬೆಳೆದಿದ್ದರೂ ಅದು ಹಬೆಯಲ್ಲಿ ಬೆಂದ ಮೇಲೆಯೇ ನಮ್ಮ ಬಾಯಿಗೆ ಬರುತ್ತದೆ. ಚಟ್ನಿಯನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ. ಹುಳಿ ಬರಿಸುವ ಬ್ಯಾಕ್ಟೀರಿಯಾ ಬೆಳೆಯುವಷ್ಟು ಹೊತ್ತು, ಅಷ್ಟು ಸೆಕೆ ಸಿಕ್ಕಿತು ಎಂದಾದರೆ, ಬೇರೆಯವಕ್ಕೂ ಅದೇ ಹೊತ್ತು, ಅದೇ ಸೆಕೆ ಸಿಕ್ಕಿದೆ ಎಂದೇ ಅರ್ಥ.

ಒಂದು ದಿನದ ಬುತ್ತಿಯ ಲೆಕ್ಕವನ್ನು ನಾನು ಕರಿಹಲಗೆಯ ಮೇಲೆ ಹೀಗೆ ಬರೆಯುತ್ತಿದ್ದೆ. ಬೆಳಗ್ಗೆ 6.30ಕ್ಕೆ ಚಟ್ನಿ ಅರೆದಾಯಿತು. ಮಗು ಅದನ್ನು ತಿನ್ನುವುದು ಮಧ್ಯಾಹ್ನ 1 ಗಂಟೆಗೆ. ನಡುವೆ ಆರೂವರೆ ಗಂಟೆ. ಒಂದು ಚಮಚ ಚಟ್ನಿಯಲ್ಲಿ ಮೊದಲಿಗೆ 1,000 ಬ್ಯಾಕ್ಟೀರಿಯಾಗಳಿವೆ ಎಂದು ಭಾವಿಸೋಣ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಅವು ಒಂದೂವರೆ ಗಂಟೆ ತೆಗೆದುಕೊಳ್ಳಲಿ. ಆಮೇಲೆ ನಮ್ಮ ಊರಿನ ಸೆಕೆಯಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎನ್ನೋಣ. ಉಳಿದ ಐದು ಗಂಟೆಗಳಲ್ಲಿ ಹತ್ತು ಸಲ ಇಮ್ಮಡಿ. ಎರಡನ್ನು ಹತ್ತು ಸಲ ಗುಣಿಸಿದರೆ 1,024. ಅಂದರೆ ಸಾವಿರವಿದ್ದದ್ದು ಒಂದು ಗಂಟೆಯ ಹೊತ್ತಿಗೆ ಹತ್ತು ಲಕ್ಷ ದಾಟಿತು.

ಈಗ ಇನ್ನೊಂದು ಮನೆ. ಅಲ್ಲಿ ಕತ್ತಿ, ಹೆರೆಮಣೆ, ಜಾರು, ಕೈ ಎಲ್ಲವನ್ನೂ ಚೆನ್ನಾಗಿ ತೊಳೆದು ಒಣಗಿಸಿ, ಕುದಿಸಿ ಆರಿಸಿದ ನೀರಿನಲ್ಲಿ ಅರೆದಿದ್ದಾರೆ. ಆದ್ದರಿಂದ ಮೊದಲಿಗೆ ಇದ್ದದ್ದು ಹತ್ತನೆಯ ಒಂದು ಪಾಲು, 100 ಮಾತ್ರ. ಒಂದು ಗಂಟೆಯ ಹೊತ್ತಿಗೆ ಅದು ಒಂದು ಲಕ್ಷ. ಮೊದಲನೆಯ ಮನೆಯ ಹತ್ತು ಲಕ್ಷವನ್ನು ಅದು ಮುಟ್ಟುವುದು ಸುಮಾರು 2.40ಕ್ಕೆ. ಅಷ್ಟೆಲ್ಲ ಶುಚಿತ್ವ ಗಳಿಸಿಕೊಟ್ಟದ್ದು ಒಂದು ಗಂಟೆ ನಲವತ್ತು ನಿಮಿಷ. ಅದು ಕಡಿಮೆಯೇನಲ್ಲ, ಆದರೆ ದಿನವಿಡೀ ಕಾಯುವುದೂ ಇಲ್ಲ.

ಮೂರನೆಯ ಮನೆಯಲ್ಲಿ ಅದೇ ಚಟ್ನಿಯನ್ನು ಅರೆದ ಕೂಡಲೇ 5 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟರು. ಅಷ್ಟು ತಂಪಿನಲ್ಲಿ ಇಮ್ಮಡಿಯಾಗಲು ಹಲವು ಗಂಟೆಗಳೇ ಬೇಕು. ಎಷ್ಟೋ ಜಾತಿಗಳು ಬೆಳೆಯುವುದೇ ಇಲ್ಲ. ಒಂದು ಗಂಟೆಯ ಹೊತ್ತಿಗೆ ಲೆಕ್ಕ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಸಂಖ್ಯೆಗಳು ಉದಾಹರಣೆಗೆ ಹಿಡಿದವು. ಆದರೆ ಅವು ತೋರಿಸುವ ಮಾತು ಎಲ್ಲ ಅಡುಗೆಮನೆಗಳಿಗೂ ಸಲ್ಲುವಂಥದು. ಶುಚಿತ್ವ ಆರಂಭವನ್ನು ಹಿಂದಕ್ಕೆ ತಳ್ಳುತ್ತದೆ, ತಂಪು ಓಟವನ್ನೇ ನಿಲ್ಲಿಸುತ್ತದೆ.

ಇಷ್ಟು ಹೇಳಿದಾಗ ಪೋಷಕರ ಸಭೆಯಲ್ಲಿ ಒಬ್ಬ ತಾಯಿ, “ಟೀಚರೇ, ನಾನು ಮೂಸಿ ನೋಡದೆ ಕಳುಹಿಸುವುದೇ ಇಲ್ಲ” ಎಂದಿದ್ದರು. ಈ ಮಾತು ಬಹಳ ಮನೆಗಳದ್ದು. ಆದ್ದರಿಂದಲೇ ಅದನ್ನು ಬಿಡಿಸಿ ಹೇಳಬೇಕು. ಬೆಳಗ್ಗೆ ಮೂಸಿದಾಗ ಯಾವ ಚಟ್ನಿಗೂ ವಾಸನೆ ಇರುವುದಿಲ್ಲ. ಮಧ್ಯಾಹ್ನ ಹುಳಿವಾಸನೆ ಬಂದರೆ ಮಗುವೇ ಬದಿಗಿಡುತ್ತದೆ. ತೊಂದರೆ ಇರುವುದು ವಾಸನೆ ಬಾರದ ಚಟ್ನಿಯಲ್ಲಿ. ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಬೆರಳಿನ ಹುಣ್ಣಿನಲ್ಲಿ ಇರುವ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೆಕೆಯಲ್ಲಿಟ್ಟ ಆಹಾರದಲ್ಲಿ ಬೆಳೆದು ವಿಷವೊಂದನ್ನು ಬಿಡುತ್ತದೆ. ಅದಕ್ಕೆ ಹುಳಿಯೂ ಇಲ್ಲ, ವಾಸನೆಯೂ ಇಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು, ಭೇದಿ ತೊಡಗುತ್ತವೆ. ನೀರಿನಿಂದಲೋ ಕೈಯಿಂದಲೋ ಬರಬಹುದಾದ ಸಾಲ್ಮೊನೆಲ್ಲಾ ಕೂಡ ಹಾಗೆಯೇ ಗುರುತು ಕೊಡದೆ ಬೆಳೆಯುತ್ತದೆ. ಹಾಗಾಗಿ ಹುಳಿ ಬಂದ ಚಟ್ನಿ ತಿನ್ನಬಾರದು ಎಂಬುದು ಸರಿ. ಹುಳಿ ಬಾರದ ಚಟ್ನಿಯನ್ನು ಎಷ್ಟು ಹೊತ್ತಿನ ಬಳಿಕವೂ ತಿನ್ನಬಹುದು ಎಂಬುದು ತಪ್ಪು. ನಂಬಬೇಕಾದದ್ದು ಗಡಿಯಾರವನ್ನು. ಹಸಿ ಕಾಯಿಯ ಚಟ್ನಿ ಹೊರಗೆ ಎರಡು ಗಂಟೆ ಇರಬಹುದು. ಬಿಸಿಲು 32 ಡಿಗ್ರಿ ದಾಟಿದ ದಿನಗಳಲ್ಲಿ ಒಂದು ಗಂಟೆ.

ಒಗ್ಗರಣೆ ಹಾಕಿದರೆ ಕೆಡುವುದಿಲ್ಲ ಎಂಬ ನಂಬಿಕೆಯೊಂದಿದೆ. ಒಂದು ಚಮಚ ಕಾದ ಎಣ್ಣೆ ತಾನು ಬಿದ್ದ ಜಾಗವನ್ನಷ್ಟೇ ಬಿಸಿ ಮಾಡುತ್ತದೆ. ಒಂದು ಬಟ್ಟಲು ಚಟ್ನಿಯನ್ನು ಅದು ಬೇಯಿಸಲಾರದು. ರುಚಿಗೆ ಹಾಕುವಷ್ಟು ಉಪ್ಪೂ ಸಾಲದು. ತಡೆಯುವಷ್ಟು ಹಾಕಿದರೆ ಅದು ಉಪ್ಪಿನಕಾಯಿಯಾದೀತು. ಹುಳಿ ಬಂದದ್ದನ್ನು ಕುದಿಸಿ ಸಾರಿಗೆ ಸೇರಿಸುವ ಪದ್ಧತಿ ಇನ್ನೂ ಅಪಾಯದ್ದು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಸ್ಟೆಫಿಲೊಕಾಕಸ್ ಬಿಟ್ಟ ವಿಷ ಕುದಿಗೂ ಜಗ್ಗದು. ಹುಣಸೆಹುಳಿ ಮಾತ್ರ ಸ್ವಲ್ಪ ನಿಜವಾದ ಸಹಾಯ ಮಾಡುತ್ತದೆ. ಅದು ಮೊದಲೇ ಚಟ್ನಿಯನ್ನು ಆಮ್ಲೀಯ ಮಾಡುವುದರಿಂದ ಅನೇಕ ಬ್ಯಾಕ್ಟೀರಿಯಾಗಳ ಓಟ ನಿಧಾನವಾಗುತ್ತದೆ. ಹುಣಸೆ ಹಾಕಿದ ಗಟ್ಟಿ ಚಟ್ನಿ ನೀರು ಚಟ್ನಿಗಿಂತ ತಡವಾಗಿ ಕೆಡುವುದು ಇದರಿಂದ. ಆದರೂ ಅದು ನಿಧಾನವೇ ಹೊರತು ನಿಲುಗಡೆ ಅಲ್ಲ.

ಹಾಗಾದರೆ ಬೆಳಗಿನ ಅವಸರದಲ್ಲಿ ಕಾಯಿ ಒಡೆದು ಹೆರೆಯುವ ಕೆಲಸವನ್ನು ಮೊದಲೇ ಮುಗಿಸಿ, ತುರಿಯನ್ನು ಕೆಡದಂತೆ ಇಡುವುದು ಹೇಗೆ? ಭಾನುವಾರ ಮೂರು ಕಾಯಿ ತುರಿದಿಡುವ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಮೊದಲು ಗೆರಟೆಯ ಹೊರಮೈಯನ್ನು ತೊಳೆದು ಒರೆಸಬೇಕು. ಜುಟ್ಟನ್ನು ಒಡೆಯುವ ಮುನ್ನವೇ ತೆಗೆಯಬೇಕು. ಒಂದೊಂದೇ ಕಾಯಿ ಒಡೆದು, ಅದರ ನೀರನ್ನು ಲೋಟಕ್ಕೆ ಹಿಡಿದು ಮೂಸಿ ನೋಡಬೇಕು. ನೀರು ನಾರುತ್ತಿದ್ದರೆ, ತಿರುಳು ಲೋಳೆಯಾಗಿದ್ದರೆ, ಎಲ್ಲಿಯಾದರೂ ಹಳದಿ, ಗುಲಾಬಿ ಅಥವಾ ಕಪ್ಪು ಕಲೆಯಿದ್ದರೆ ಆ ಕಾಯಿ ಪೂರ್ತಿ ಹೊರಕ್ಕೆ. ಕಲೆಯನ್ನಷ್ಟೇ ಕೆತ್ತಿ ಉಳಿದುದನ್ನು ಬಳಸುವುದು ಸಲ್ಲದು, ಏಕೆಂದರೆ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ದೂರ ಹರಡಿರುತ್ತವೆ. ಸಾಬೂನಿನಂಥ ರುಚಿ ಬಂದರೂ ಬೇಡ. ಬೂಷ್ಟು ಮೊದಲಾದವು ತಿರುಳಿನ ಎಣ್ಣೆಯನ್ನು ಒಡೆದಾಗ ಆ ರುಚಿ ಹುಟ್ಟುತ್ತದೆ. ಪರೀಕ್ಷಿಸಿದ ಕಾಯಿಯನ್ನು ಬದಿಗಿಟ್ಟ ಮೇಲೆಯೇ ಮುಂದಿನದನ್ನು ಒಡೆಯಬೇಕು. ಒಂದು ಕೆಟ್ಟ ಕಾಯಿಯ ನೀರು ಎರಡು ಒಳ್ಳೆಯ ಕಾಯಿಗಳನ್ನು ಕೆಡಿಸಬಾರದು.

ಹೆರೆಯುವಾಗ ಗೆರಟೆಯವರೆಗೆ ಕೆರೆಯದೆ ಬಿಳಿ ತಿರುಳಿಗೆ ನಿಲ್ಲಿಸುವುದು ಒಳ್ಳೆಯದು. ಕಂದು ಪದರ ಸೇರಿದರೆ ಚಟ್ನಿಯ ಬಣ್ಣವೂ ಮಾಸುತ್ತದೆ. ಹೆರೆಮಣೆಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿರಬೇಕು. ಪಾತ್ರೆ, ಚಮಚ, ಕೈ ಎಲ್ಲವೂ ಒಣಗಿರಬೇಕು. ತುರಿಯನ್ನು ತೊಳೆಯುವ ಅಭ್ಯಾಸ ಕೆಲವರಿಗಿದೆ. ಅದರಿಂದ ತೇವ ಹೆಚ್ಚುತ್ತದೆಯೇ ಹೊರತು ಪ್ರಯೋಜನವಿಲ್ಲ.

ನಾಳೆ, ನಾಡಿದ್ದು ಬಳಸುವಷ್ಟನ್ನು ಬಿಗಿಯಾದ ಮುಚ್ಚಳದ ಗಾಜಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಒಳಭಾಗದಲ್ಲಿಡಬೇಕು. ಬಾಗಿಲಿನ ತಟ್ಟೆಯಲ್ಲಿ ಬೇಡ, ಅಲ್ಲಿ ಪ್ರತಿ ಸಲ ತೆರೆದಾಗಲೂ ಬಿಸಿಗಾಳಿ ತಗಲುತ್ತದೆ. ಹೀಗಿಟ್ಟ ತುರಿ ಎರಡು ದಿನಕ್ಕೆ ಸರಿ. ಮೂರನೆಯ ದಿನ ಮುಗಿಸಿಬಿಡಬೇಕು. ಉಳಿದುದೆಲ್ಲ ಫ್ರೀಜರಿಗೆ. ಒಂದೊಂದು ದಿನಕ್ಕೆ ಬೇಕಾದ ಒಂದು ಲೋಟ ತುರಿಯನ್ನು ಒಂದೊಂದು ಪುಟ್ಟ ಚೀಲದಲ್ಲಿ ತುಂಬಿ, ಗಾಳಿ ಹೊರಗೆ ಒತ್ತಿ, ಬೆರಳು ದಪ್ಪಕ್ಕೆ ಚಪ್ಪಟೆ ಮಾಡಿ, ಮೇಲೆ ತಾರೀಕು ಬರೆದಿಡಬೇಕು. ಚಪ್ಪಟೆ ಮಾಡುವುದಕ್ಕೆ ಕಾರಣವಿದೆ. ದೊಡ್ಡ ಡಬ್ಬಿಯಲ್ಲಿ ಒತ್ತಿ ತುಂಬಿದ ತುರಿಯ ನಡುಭಾಗ ಗಟ್ಟಿಯಾಗಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಅಲ್ಲಿ ಬೆಳವಣಿಗೆ ಆಗಿರುತ್ತದೆ. ತೆಳುವಾದದ್ದು ಬೇಗ ಹೆಪ್ಪುಗಟ್ಟುತ್ತದೆ, ಬೇಗ ಮುರಿಯಲೂ ಬರುತ್ತದೆ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಇದು ಮೂರು ತಿಂಗಳು ರುಚಿ ಕಳೆದುಕೊಳ್ಳದೆ ಇರುತ್ತದೆ. ಹೆರೆದು ಮುಗಿದ ಅರ್ಧ ಗಂಟೆಯೊಳಗೆ ಇಷ್ಟೂ ಆಗಬೇಕು.

ಹೆರೆಯದೆ ಉಳಿದ ಗಡಿಗಳಿದ್ದರೆ ಕಣ್ಣಿರುವ ಗಡಿಯನ್ನು ಮೊದಲು ಬಳಸಬೇಕು. ಇನ್ನೊಂದನ್ನು ಒರೆಸಿ ಒಣಗಿಸಿ, ಮುಚ್ಚಿ ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ತುರಿಗಿಂತ ಗಡಿ ತಡೆಯುತ್ತದೆ. ಅದರ ಕೋಶಗಳು ಇನ್ನೂ ಒಡೆದಿಲ್ಲವಲ್ಲ.

ಹೆಪ್ಪುಗಟ್ಟಿದ ತುರಿಯ ಬಗ್ಗೆ ಒಂದು ಎಚ್ಚರ ಬೇಕು. ತಂಪು ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಕರಗಿದ ಕೂಡಲೇ ಅವು ಏಳುತ್ತವೆ. ಆದ್ದರಿಂದ ಚೀಲವನ್ನು ರಾತ್ರಿಯೇ ಕಟ್ಟೆಯ ಮೇಲೆ ತೆಗೆದಿಡಬಾರದು; ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಬೇಕು, ಇಲ್ಲವೇ ಬೆಳಗ್ಗೆ ಗಟ್ಟಿಯಾಗಿರುವಾಗಲೇ ಮುರಿದು ಮಿಕ್ಸಿಗೆ ಹಾಕಬೇಕು. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಸೇರಿಸಬಾರದು.

ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುವುದೆಂದು ಹೇಳಲಾಗದು. ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ತುಂಬಿದ ಫ್ರೀಜರಿನದು ಅದಕ್ಕಿಂತ ಬಹಳ ಹೆಚ್ಚು. ಮನೆಯಲ್ಲಿಲ್ಲದಾಗ ಕರೆಂಟು ಹೋಗಿ ಬಂದಿತೇ ಎಂದು ತಿಳಿಯಲು ಸುಲಭ ಉಪಾಯವಿದೆ. ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಮಂಜುಗಡ್ಡೆ ಮಾಡಿ, ಅದರ ಮೇಲೊಂದು ನಾಣ್ಯವಿಡಿ. ನಾಣ್ಯ ಮೇಲೆಯೇ ಇದ್ದರೆ ಮಂಜುಗಡ್ಡೆ ಕರಗಿಲ್ಲ. ತಳಕ್ಕೆ ಇಳಿದು ಮತ್ತೆ ಹೆಪ್ಪುಗಟ್ಟಿದ್ದರೆ ಎಲ್ಲವೂ ಒಮ್ಮೆ ಕರಗಿತ್ತು. ಆ ತುರಿಯನ್ನು ಚಟ್ನಿಗೆ ಬಳಸಬಾರದು.

ಇನ್ನು ಬುತ್ತಿಯ ಮಾತು. ಹಿಂದಿನ ಲೆಕ್ಕವನ್ನು ನೋಡಿದವರಿಗೆ ಉತ್ತರ ಆಗಲೇ ಹೊಳೆದಿರಬೇಕು: ಆರೂವರೆ ಗಂಟೆ ಚೀಲದಲ್ಲಿ ಕುಳಿತಿರುವ ಡಬ್ಬಿಗೆ ಹಸಿ ಕಾಯಿಯ ನೀರು ಚಟ್ನಿ ತಕ್ಕುದಲ್ಲ. ಗಟ್ಟಿ ತುರಿಯಿಂದ ಅರೆದು, ಹುಣಸೆ ಹಾಕಿ, ಫ್ರಿಜ್ಜಿನಲ್ಲಿ ತಣಿಸಿ ಕೊಟ್ಟರೂ ಗೆಲ್ಲುವುದು ಒಂದೆರಡು ಗಂಟೆ ಮಾತ್ರ. ಬಿಸಿ ದೋಸೆಯ ಡಬ್ಬಿಯ ಪಕ್ಕದಲ್ಲಿಟ್ಟರೆ ಅದೂ ಇಲ್ಲ. ಹಸಿ ಚಟ್ನಿಯನ್ನು ಮಗು ಬೆಳಗ್ಗೆ ಮನೆಯಲ್ಲಿಯೇ ತಿಂದು ಹೋಗಲಿ. ಬುತ್ತಿಗೆ ಹುರಿದ ಚಟ್ನಿ ಕಳುಹಿಸಬಹುದು. ಒಂದು ಲೋಟ ತುರಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕೈಗೆ ತೇವ ತಗಲದೆ ಗರಿಗರಿಯಾಗಿ ಕೆಂಬಣ್ಣ ಬರುವ ತನಕ ಹುರಿಯಬೇಕು. ಒಣಮೆಣಸು, ಉದ್ದಿನಬೇಳೆ, ಕರಿಬೇವನ್ನು ಬೇರೆಯಾಗಿ ಹುರಿದು, ಒಣ ಹುಣಸೆಯ ಚೂರು, ಉಪ್ಪು ಸೇರಿಸಿ, ಎಲ್ಲವೂ ಪೂರ್ತಿ ಆರಿದ ಮೇಲೆ ನೀರು ಹಾಕದೆ ಪುಡಿ ಮಾಡಬೇಕು. ನೀರಿಲ್ಲದಲ್ಲಿ ಬ್ಯಾಕ್ಟೀರಿಯಾ ಇಮ್ಮಡಿಯಾಗಲಾರದು. ಒಣ ಡಬ್ಬಿಯಲ್ಲಿ, ಒಣ ಚಮಚ ಬಳಸಿದರೆ ಇದು ಒಂದು ವಾರ ಹೊರಗೇ ಇರುತ್ತದೆ. ಮಗು ಊಟದ ಹೊತ್ತಿಗೆ ಅದಕ್ಕೆ ಎಣ್ಣೆಯೋ ತುಪ್ಪವೋ ಬೆರೆಸಿಕೊಂಡರೆ ಸಾಕು. ನೀರು ಬೆರೆಸಿ ಕಲಸಿ ಕಳುಹಿಸಿದರೆ ಮಾತ್ರ ಹುರಿದ ಶ್ರಮವೆಲ್ಲ ವ್ಯರ್ಥ. ಅದು ಮತ್ತೆ ಹಸಿ ಚಟ್ನಿಯ ಹಾದಿಯನ್ನೇ ಹಿಡಿಯುತ್ತದೆ.

ಇದನ್ನು ವಿಶೇಷವಾಗಿ ಮಾರ್ಚ್ ತಿಂಗಳಿಗಾಗಿ ಬರೆಯುತ್ತಿದ್ದೇನೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯುವುದು ನಮ್ಮಲ್ಲಿ ಸೆಕೆ ಏರುವ ಆ ತಿಂಗಳಲ್ಲೇ. ಹಿಂದಿನ ಮಧ್ಯಾಹ್ನ ತಿಂದದ್ದರಿಂದ ರಾತ್ರಿಯಿಡೀ ವಾಂತಿ ಮಾಡಿಕೊಂಡ ಮಗು ಬೆಳಗ್ಗೆ ಪ್ರಶ್ನೆಪತ್ರಿಕೆಯ ಮುಂದೆ ಕುಳಿತರೂ ಕುಳಿತಂತಲ್ಲ. ಬುತ್ತಿಯಲ್ಲಿ ಮಿಕ್ಕಿ ಸಂಜೆ ಮನೆಗೆ ಮರಳಿ ಬಂದ ಚಟ್ನಿಯನ್ನು, ಅದು ಎಷ್ಟೇ ಚೆನ್ನಾಗಿ ಕಂಡರೂ, ರಾತ್ರಿಯ ದೋಸೆಗೆ ಇಡದೆ ತೆಂಗಿನ ಬುಡಕ್ಕೆ ಹಾಕಿಬಿಡಿ.